ತಮ್ಮ ತಂಗಿಗೆ ಹಬ್ಬದ ಕೆಲಸ ಹಂಚೋ ಮೆಸೇಜು ಆರ್ಡರ್ ಥರ ಕೇಳ್ತೈತಂತೆ, ಹೆಂಗೆ ಬರೀಲಿ?

ದಾವಣಗೆರೆ_ಅಕ್ಕ

ಎಲ್ರಿಗೂ ನಮಸ್ಕಾರ. ನಾವು ಮೂರು ಜನ, ನಾನೇ ದೊಡ್ಡೋಳು, ದಾವಣಗೆರೆಲಿದೀನಿ. ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದಾನೆ, ತಂಗಿ ಶಿವಮೊಗ್ಗ. ಅಮ್ಮ ಒಬ್ರೇ ಚಿತ್ರದುರ್ಗದ ಮನೇಲಿದಾರೆ. ದೀಪಾವಳಿಗೆ ಮುಂಚೆ ಮನೆ ಎಲ್ಲ ಕ್ಲೀನ್ ಆಗ್ಬೇಕು, ಅಮ್ಮಂಗೆ ಮಂಡಿ ನೋವು, ಸ್ಟೂಲ್ ಹತ್ತಂಗಿಲ್ಲ, ನಾನು ಹತ್ರ ಇರೋದ್ರಿಂದ ಪ್ರತಿ ವರ್ಷ ನಾನೇ ಎರಡು ದಿನ ಹೋಗಿ ಮಾಡಿ ಬರ್ತೀನಿ, ಈ ಸಲ ಮೂರು ಜನಾನೂ ಸೇರಿ ಮಾಡಾಣ ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಹಿಂಗೆ ಹಾಕಿದೆ:

"ನೋಡಿ ಇಬ್ರಿಗೂ ಹೇಳ್ತಿದೀನಿ. ಶನಿವಾರ ಬೆಳಿಗ್ಗೆ 9ಕ್ಕೆ ಎಲ್ರೂ ದುರ್ಗದ ಮನೇಲಿ ಇರ್ಬೇಕು. ತಮ್ಮ ನೀನು ಸಂಪು ಟ್ಯಾಂಕು ತೊಳಿಬೇಕು. ಪುಟ್ಟಿ ನೀನು ಅಟ್ಟದ ಪಾತ್ರೆ ಇಳಿಸಿ ತೊಳಿ. ಪ್ರತಿ ಸಲ ನಾನೊಬ್ಳೇ ಮಾಡೋದು ಆಗಲ್ಲ. ನೆಪ ಹೇಳ್ಬೇಡಿ."

ತಮ್ಮ ನೋಡಿ ಸುಮ್ನಾದ, ಉತ್ತರಾನೇ ಇಲ್ಲ. ತಂಗಿ "ಆಯ್ತು ಮೇಡಂ" ಅಂತ ಒಂದೇ ಮಾತು ಹಾಕಿದ್ಲು, ಆಮೇಲೆ ಅಮ್ಮಂಗೆ ಫೋನ್ ಮಾಡಿ "ಅಕ್ಕ ಯಾವಾಗ್ಲೂ ಆಫೀಸ್ ಥರ ಆರ್ಡರ್ ಮಾಡ್ತಾಳೆ" ಅಂದ್ಳಂತೆ. ನಂಗೆ ತುಂಬ ಬೇಜಾರಾಯ್ತು. ಬಾಯಲ್ಲಿ ಇದೇ ಮಾತು ಹೇಳಿದ್ರೆ ಇಬ್ರೂ ನಕ್ಕೊಂಡು ಮಾಡ್ತಾರೆ, ಬರೆದ್ರೆ ಯಾಕೆ ಹಿಂಗಾಗುತ್ತೆ? ಇನ್ನೊಂದು ಸಲ ಸರಿ ಮಾಡಿ ಹಾಕ್ಬೇಕು ಅಂತಿದೀನಿ, ಹಬ್ಬಕ್ಕೆ ಇನ್ನೂ ಹದಿನೈದು ದಿನ ಐತೆ. ಹೆಂಗೆ ಬರೀಲಿ ಹೇಳಿ.

ಹರಿಹರ_ಹುಡುಗ

ಅಕ್ಕ ಸಿಂಪಲ್, ಮುಂದೆ ಒಂದು ಪ್ಲೀಸ್ ಹಾಕಿ, ಹಿಂದೆ ಒಂದು ಸ್ಮೈಲಿ ಹಾಕಿ, ದಯವಿಟ್ಟು ಅಂತ ಬರೀರಿ. ನಾನು ಆಫೀಸಲ್ಲಿ ಹಂಗೇ ಮಾಡೋದು, ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಹೊಳಲ್ಕೆರೆ_ಟೀಚರ್

ಸ್ಮೈಲಿ ಇರ್ಲಿ ಬಿಡಿ, ಆದ್ರೆ ದಯವಿಟ್ಟು ಬೇಡ ಅಕ್ಕ. ಒಂದೇ ತಟ್ಟೇಲಿ ಉಂಡು ಬೆಳೆದೋರಿಗೆ ದಯವಿಟ್ಟು ಅಂದ್ರೆ ಹೊರಗಿನೋರ ಥರ ಕೇಳುತ್ತೆ, ಇಲ್ಲಾಂದ್ರೆ ಕೋಪ ಅಂತ ತಿಳ್ಕೊತಾರೆ. "ದಯವಿಟ್ಟು ಶನಿವಾರ ಬಾ" ಅಂತ ನಮ್ಮಕ್ಕ ನಂಗೆ ಕಳಿಸಿದ್ರೆ ನಾನು ಮೊದ್ಲು ಫೋನ್ ಮಾಡಿ ಏನಾಯ್ತು ಅಂತ ಕೇಳ್ತೀನಿ. ಕನ್ನಡದಲ್ಲಿ ಮೆತ್ತಗೆ ಮಾಡೋದು ಮುಂದೆ ಹಾಕೋ ಪದ ಅಲ್ಲ, ಮಾತಿನ ಬಾಲ. "ಬಾ", "ಬರ್ಬೇಕು", "ಬರ್ತೀಯಾ", "ಬರಕ್ಕಾಗುತ್ತಾ", "ಬಂದ್ರೆ ಹೆಂಗೆ", ಇವೆಲ್ಲ ಒಂದೇ ಕೆಲಸಾನೇ ಹೇಳ್ತಾವೆ, ಆದ್ರೆ ಬಾಲ ಬದಲಾದಂಗೆ ಎದುರಿನೋರಿಗೆ ಎಷ್ಟು ಜಾಗ ಬಿಟ್ಟಿದೀವಿ ಅನ್ನೋದು ಬದಲಾಗುತ್ತೆ.

ನಾನು 22 ವರ್ಷ ಕನ್ನಡ ಪಾಠ ಮಾಡ್ದೋಳು, ಮನೇಲಿ ನಾವು ಐದು ಜನ, ತೋಟದ ಕೆಲಸ ಅಮ್ಮನ ಪಾಳಿ ಎಲ್ಲ ಗ್ರೂಪಲ್ಲೇ ಹಂಚ್ಕೊಳ್ಳೋದು, ಅದ್ಕೆ ಹೇಳ್ತಿದೀನಿ. ನಿಮ್ಮ ಮೆಸೇಜಲ್ಲಿ ಎಲ್ಲೆಲ್ಲಿ ಚುಚ್ಚುತ್ತೆ ನೋಡಿ. "ಇಬ್ರಿಗೂ ಹೇಳ್ತಿದೀನಿ" ಅಂದ ಕೂಡ್ಲೇ ನೀವು ಒಂದು ಕಡೆ ಅವ್ರಿಬ್ರು ಒಂದು ಕಡೆ ಆಗೋದ್ರು. ಆಮೇಲೆ ಬೇಕು. ಬೇಕು ಅನ್ನೋದು ಕೆಟ್ಟ ಪದ ಅಲ್ಲ, ಅದು ಯಾರ ಮೇಲೆ ಕೂತಿದೆ ಅನ್ನೋದು ಮುಖ್ಯ. "ಮನೆ ಕ್ಲೀನ್ ಆಗ್ಬೇಕು" ಅಂದ್ರೆ ಭಾರ ಮನೆ ಮೇಲೆ, ಅದನ್ನ ಮೂರು ಜನಾನೂ ಒಪ್ತಾರೆ. "ನೀನು ತೊಳಿಬೇಕು" ಅಂದ್ರೆ ಭಾರ ಆ ಹುಡುಗನ ತಲೆ ಮೇಲೆ. ಒಂದೇ ಬೇಕು, ಮೊದಲನೇದು ವಿಷಯ, ಎರಡನೇದು ಆಜ್ಞೆ.

ಇನ್ನ ಕೊನೇ ಎರಡು ಸಾಲು. "ನಾನೊಬ್ಳೇ", "ನೆಪ ಹೇಳ್ಬೇಡಿ". ಅಲ್ಲಿ ಕೆಲಸದ ಮಾತೇ ಇಲ್ಲ, ನಾಲ್ಕೈದು ವರ್ಷದಿಂದ ಮನಸಲ್ಲಿಟ್ಕೊಂಡಿರೋ ನೋವು ಐತೆ. ಆ ನೋವು ನಿಜಾನೇ, ಹೇಳ್ಬೇಕು ಕೂಡ, ಆದ್ರೆ ಕೆಲಸ ಹಂಚೋ ಮೆಸೇಜಲ್ಲಿ ಅದು ಸೇರಿದ್ರೆ ಓದೋರು ಉತ್ತರ ಕೊಡೋದು ನೋವಿಗೆ, ಸಂಪಿಗೆ ಅಲ್ಲ. ತಮ್ಮ ಇನ್ನೂ ಬರಲ್ಲ ಅಂತಾನೂ ಅಂದಿಲ್ಲ, ಅಷ್ಟರಲ್ಲೇ ನೆಪ ಅಂದ್ರೆ ಅವ್ನು ಏನು ಹೇಳಿದ್ರೂ ನೆಪಾನೇ ಆಗುತ್ತೆ, ಅದಕ್ಕೆ ಸುಮ್ನಾದ ಅನ್ಸುತ್ತೆ.

ಬಾಯಲ್ಲಿ ಹೇಳಿದ್ರೆ ಯಾಕೆ ನಡಿಯುತ್ತೆ ಅಂದ್ರಲ್ಲ, ಅಲ್ಲಿ "ಲೋ ತಮ್ಮಾ" ಅಂತ ಎಳೆದು ಕರೀತೀರ, ಮುಖ ಕಾಣುತ್ತೆ, ಅವ್ನು ಮಧ್ಯದಲ್ಲೇ "ಅಕ್ಕ ಶನಿವಾರ ಆಗಲ್ಲ" ಅಂತ ಬಾಯಿ ಹಾಕಬಹುದು. ಬರೆದಾಗ ಅದ್ಯಾವ್ದೂ ಇಲ್ಲ, ಬರೀ ಕ್ರಿಯಾಪದ ಉಳಿಯುತ್ತೆ.

ಚಳ್ಳಕೆರೆ_ಶೇಂಗಾ

ಸಂಪು ತೊಳೆಯೋ ವಿಷಯ ಬಂತಲ್ಲ, ಅದಕ್ಕೆ ಹೇಳ್ತೀನಿ, ಮುಚ್ಚಿದ ಸಂಪಿಗೆ ಒಬ್ರೇ ಇಳಿಸ್ಬೇಡಿ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಕ್ಕೆ ಬಿಟ್ಟು, ಮೇಲೆ ಒಬ್ರು ನಿಂತ್ಕೊಂಡೇ ಇರ್ಬೇಕು, ಆಳ ಇದ್ದು ವಾಸನೆ ಬಂದ್ರಂತೂ ಇಳಿಯಲೇಬಾರ್ದು, ಉಸಿರು ಕಟ್ಟಿ ಜೀವ ಹೋಗಿರೋದಿದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಮೇಲೆ ಎರಡು ಸಲ ನೀರು ಬಿಟ್ಟು ಹೊರಗೆ ಹಾಕಿ. ನಮ್ಮನೇಲಿ 3000 ಲೀಟರ್ ಸಂಪು, ಇಬ್ರಿಗೆ ಅರ್ಧ ದಿನ ಹಿಡಿಯುತ್ತೆ.

ದಾವಣಗೆರೆ_ಅಕ್ಕ

ಅಣ್ಣ ನಾನು ಕೇಳಿದ್ದು ಮೆಸೇಜು ಬರೆಯೋ ಬಗ್ಗೆ, ಆದ್ರೆ ಇದು ಹೇಳಿದ್ದು ಒಳ್ಳೇದಾಯ್ತು, ಇಬ್ರು ಬೇಕು ಅಂತ ನಂಗೆ ಹೊಳೆದೇ ಇರ್ಲಿಲ್ಲ, ತಮ್ಮಂಗೆ ಒಬ್ನಿಗೇ ಬಿಟ್ಟಿದ್ದೆ.

ಟೀಚರ್ ಹೇಳಿದ್ದು ಓದಿ ಎರಡು ಸಲ ಕಣ್ಣಲ್ಲಿ ನೀರು ಬಂತು, ಆ ನೋವಿನ ವಿಷಯ ನಿಜ. ಇವಾಗ ಹಿಂಗೆ ಬರೆದಿದೀನಿ, ನೋಡಿ:

"ತಮ್ಮಾ ಪುಟ್ಟಿ, ಹಬ್ಬಕ್ಕೆ ಮುಂಚೆ ದುರ್ಗದ ಮನೆ ಸ್ವಲ್ಪ ಕ್ಲೀನ್ ಮಾಡಾಣ ಅನ್ಕೊಂಡಿದೀನಿ, ನಿಮಗೆ ಯಾರಿಗಾದ್ರೂ ಬಿಡುವಾದ್ರೆ ಬನ್ನಿ, ಆಗದಿದ್ರೆ ಪರವಾಗಿಲ್ಲ."

ಜಗಳೂರು_ಕೊನೆಯೋನು

ಅಕ್ಕ, ನಾನು ನಮ್ಮನೇಲಿ ನಾಲ್ಕನೇವ್ನು, ಎಲ್ರಿಗಿಂತ ಚಿಕ್ಕೋನು. ಈ ಎರಡನೇ ಮೆಸೇಜು ನಂಗೆ ಬಂದಿದ್ರೆ ನಾನು ಖಂಡಿತ ಬರ್ತಿರ್ಲಿಲ್ಲ, ಸೋಮಾರಿತನದಿಂದ ಅಲ್ಲ, ನನ್ನನ್ನ ಕರೀತಿದಾರೆ ಅಂತಾನೇ ಅನ್ಸಲ್ಲ. "ಯಾರಿಗಾದ್ರೂ" ಅಂದ್ರೆ ಅಣ್ಣ ಹೋಗ್ತಾನೆ ಅನ್ಕೊತೀನಿ, ಅಣ್ಣ ನಾನು ಹೋಗ್ತೀನಿ ಅನ್ಕೊತಾನೆ. ಆಮೇಲೆ ನೀವು ಒಬ್ರೇ ಎಲ್ಲ ಮಾಡಿ, ಮುಂದಿನ ವರ್ಷ ಮತ್ತೆ ಮೊದಲನೇ ಮೆಸೇಜೇ ಬರೀತೀರ.

ಇನ್ನೊಂದು, ಮಾಡಾಣ ಅನ್ನೋದು. ನಮ್ಮ ದೊಡ್ಡಣ್ಣ ಯಾವಾಗ್ಲೂ ಮಾಡಾಣ ಹೋಗಾಣ ಅಂತಾನೇ ಬರೆಯೋದು, "ಗೊಬ್ಬರ ತರಾಣ" ಅಂದ್ರೆ ನೀನು ತಗೊಂಬಾ ಅಂತ ಅರ್ಥ. ಸುಮಾರು ದಿನ ನಂಬಿದೆ, ಆಮೇಲೆ ಮಾಡಾಣ ಅಂದ್ರೇನೇ ಸಿಟ್ಟು ಬರಕ್ಕೆ ಶುರುವಾಯ್ತು, ನೇರ ಮಾಡು ಅಂದಿದ್ರೂ ಅಷ್ಟು ಬರ್ತಿರ್ಲಿಲ್ಲ. ನೀವೂ ಕೈ ಹಾಕೋ ಕೆಲಸಕ್ಕೆ ಮಾತ್ರ ಮಾಡಾಣ ಅನ್ನಿ.

ಚಿಕ್ಕೋರಿಗೆ ನಿಜವಾಗ್ಲೂ ಎಲ್ಲಿ ಉರಿಯುತ್ತೆ ಅಂದ್ರೆ, ಎಲ್ಲ ಮೊದ್ಲೇ ತೀರ್ಮಾನ ಆಗೋಗಿರುತ್ತೆ. ದಿನ ನಿಮ್ದು, ಟೈಮ್ ನಿಮ್ದು, ಯಾರು ಏನು ಮಾಡೋದು ನಿಮ್ದು, ನಮ್ಮದು ಬರೀ ಕೈಕಾಲು. ಬೆಂಗಳೂರಿಂದ ದುರ್ಗ ಹತ್ರ ಹತ್ರ 200 ಕಿಲೋಮೀಟರ್, ಶನಿವಾರ 9ಕ್ಕೆ ಇರ್ಬೇಕು ಅಂದ್ರೆ ಅವ್ನು ಶುಕ್ರವಾರ ರಾತ್ರಿನೇ ಬಸ್ ಹತ್ಬೇಕು ಇಲ್ಲ ಬೆಳಿಗ್ಗೆ ನಾಲ್ಕಕ್ಕೆ ಗಾಡಿ ತೆಗೀಬೇಕು. ಅದನ್ನ ನೀವು ಯೋಚನೆ ಮಾಡಿದೀರ ಅಂತ ಒಂದು ಮಾತು ಇದ್ರೂ ಸಾಕಿತ್ತು ಅವ್ನಿಗೆ.

ಹೊಳಲ್ಕೆರೆ_ಟೀಚರ್

ಜಗಳೂರಿನ ತಮ್ಮ ಹೇಳಿದ್ದು ಸರಿ. ಸಲಹೆ ಅಂದ್ರೆ ಗಾಳಿಗೆ ತೂರಿದ ಮಾತಲ್ಲ. ಕೆಲಸ ಇಂಥದ್ದು ಅಂತ ಗೊತ್ತಾಗ್ಬೇಕು, ಯಾರನ್ನ ಕೇಳ್ತಿದೀವಿ ಅಂತ ಹೆಸರಿರ್ಬೇಕು, ಉತ್ತರ ಯಾವಾಗ ಬೇಕು ಅಂತ ಇರ್ಬೇಕು. ಬಿಡೋದು ಒಂದೇ ಜಾಗ, ಇಲ್ಲ ಅನ್ನಕ್ಕೋ ಬದಲಿಸಕ್ಕೋ. ಎರಡನೇ ಮೆಸೇಜಲ್ಲಿ ನೀವು ಜಾಗ ಬಿಟ್ರಿ, ಆದ್ರೆ ಕೆಲಸಾನೂ ಬಿಟ್ಬಿಟ್ರಿ.

ಶುರು ಮಾಡೋದು ಹೆಂಗೆ ಅಂದ್ರೆ, ಮೊದ್ಲು ಯಾಕೆ ಅಂತ ಹೇಳಿ, ಅದೂ ಅಮ್ಮನ ಕಡೆಯಿಂದ, ನಿಮ್ಮ ಕಡೆಯಿಂದ ಅಲ್ಲ. ಆಮೇಲೆ ನೀವು ಏನು ಮಾಡ್ತೀರ ಅನ್ನೋದನ್ನ ಅವ್ರ ಕೆಲಸಕ್ಕಿಂತ ಮುಂಚೆ ಬರೀರಿ. ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ನಿಮ್ಮ ಮೊದಲನೇ ಮೆಸೇಜಲ್ಲಿ ತಮ್ಮಂಗೆ ಕೆಲಸ ಇತ್ತು, ತಂಗಿಗೆ ಕೆಲಸ ಇತ್ತು, ನೀವು ಏನು ಮಾಡ್ತೀರ ಅನ್ನೋದೇ ಇರ್ಲಿಲ್ಲ. ಎಲ್ರಿಗಿಂತ ಜಾಸ್ತಿ ಮಾಡೋರು ನೀವೇ, ಓದಿದೋರಿಗೆ ಮಾತ್ರ ಅಕ್ಕ ಕುರ್ಚಿ ಮೇಲೆ ಕೂತು ಹೇಳಿದಂಗೆ ಕಾಣ್ತು. ಆಮೇಲೆ ಪ್ರಶ್ನೆ. ಪ್ರಶ್ನೆ ಕೇಳುವಾಗ ಒಂದು ಎಚ್ಚರ. "ಬರಕ್ಕಾಗುತ್ತಾ?" ಅಂದ್ರೆ ಕೇಳೋದು. "ಬರಕ್ಕಾಗಲ್ವಾ?" ಅಂದ್ರೆ ಬೈಯೋದು. "ಬರ್ತೀಯಾ?" ಬೇರೆ, "ಬರ್ತೀಯ ತಾನೆ?" ಬೇರೆ, ಆ ತಾನೆ ಬಂದ್ರೆ ಬರಲ್ಲ ಅನ್ನಕ್ಕೆ ದಾರಿನೇ ಇಲ್ಲ. "ನೀನು ಮಾಡು" ಅನ್ನೋದಕ್ಕಿಂತ "ನೀನೇ ಮಾಡು" ಜಾಸ್ತಿ ಗಟ್ಟಿ. ಕಳಿಸೋಕೆ ಮುಂಚೆ ಈ ಬಾಲಗಳನ್ನ ಒಂದು ಸಲ ಕಣ್ಣಾಡಿಸಿ ನೋಡಿದ್ರೆ ಸಾಕು, ಮಿಕ್ಕಿದ್ದೆಲ್ಲ ನಿಮ್ಮ ಮಾತು ಹೆಂಗೈತೋ ಹಂಗೇ ಇರ್ಲಿ.

ದುರ್ಗದ_ದೊಡ್ಡಣ್ಣ

ನಾನು ಒಪ್ಪಲ್ಲ ಟೀಚರ್. ಹಿರೀರು ಹೇಳಿದ್ರೆ ಚಿಕ್ಕೋರು ಮಾಡ್ಬೇಕು, ಅದಕ್ಕೆ ಇಷ್ಟೆಲ್ಲ ಲೆಕ್ಕ ಹಾಕಿ ಬರೀಬೇಕಾ? ನಮ್ಮಪ್ಪಂಗೆ ದಿನಾ ಎರಡು ಸಲ ಇನ್ಸುಲಿನ್ ಕೊಡ್ಬೇಕು, ನಾನು ಊರಲ್ಲಿಲ್ಲದ ದಿನ ತಮ್ಮಂಗೆ "ರಾತ್ರಿ ಊಟಕ್ಕೆ ಮುಂಚೆ ಅಪ್ಪಂಗೆ ಇನ್ಸುಲಿನ್ ಕೊಡು, ಕೊಟ್ಟು ನಂಗೆ ಮೆಸೇಜ್ ಹಾಕು" ಅಂತ ಹಾಕ್ತೀನಿ. ಅಲ್ಲಿ "ಕೊಟ್ರೆ ಹೆಂಗೆ" ಅಂತ ಬರೆಯಕ್ಕಾಗುತ್ತಾ? ಅವ್ನು ಯಾವತ್ತೂ ಬೇಜಾರು ಮಾಡ್ಕೊಂಡಿಲ್ಲ.

ಹೊಳಲ್ಕೆರೆ_ಟೀಚರ್

ಅಣ್ಣ, ಇನ್ಸುಲಿನ್ ವಿಷಯದಲ್ಲಿ ನೀವು ಮಾಡೋದೇ ಸರಿ, ಅಲ್ಲಿ ಬೇರೆ ದಾರಿ ಇಲ್ಲ, ಅದು ಅವ್ನಿಗೂ ಗೊತ್ತು, ಅದಕ್ಕೇ ಚುಚ್ಚಲ್ಲ. ಅಂಥ ಕಡೆ ಸಲಹೆ ಥರ ಬರೆದ್ರೆ ತಪ್ಪಾಗುತ್ತೆ, ಅವ್ನು ಬೇಡ ಅಂದ್ರೆ ನೀವು ಒಪ್ಪಲ್ಲವಲ್ಲ, ಒಪ್ಪದೇ ಇರೋದನ್ನ ಪ್ರಶ್ನೆ ಮಾಡಿ ಕೇಳ್ಬಾರ್ದು. ಅಟ್ಟದ ಪಾತ್ರೆ ಶನಿವಾರ ಇಳಿಸಿದ್ರೂ ಆಯ್ತು ಭಾನುವಾರ ಇಳಿಸಿದ್ರೂ ಆಯ್ತು. ಅದನ್ನ ಇನ್ಸುಲಿನ್ ಧಾಟೀಲಿ ಹೇಳಿದ್ರೆ ಮಾತ್ರ ಕಷ್ಟ.

ದುರ್ಗದ_ದೊಡ್ಡಣ್ಣ

ಅದು ಸರಿ. ಆದ್ರೂ ಹಬ್ಬದ ಕೆಲಸಕ್ಕೆ ಚಿಕ್ಕೋರ್ನ ಕೇಳ್ಕೊಂಡು ಕೂರೋದು ನಂಗೆ ಸರಿ ಅನ್ಸಲ್ಲ, ನಾವು ಬೆಳೆದಿದ್ದು ಹಂಗಲ್ಲ.

ಶಾಮನೂರು_ಸೊಸೆ

ನಂದು ಒಂದು ಬೇರೆ ಥರ ಐತೆ. ನಾನು ಮೈಸೂರು ಕಡೆಯೋಳು, ಮದುವೆಯಾಗಿ ದಾವಣಗೆರೆಗೆ ಬಂದಾಗ ನಾದಿನಿ "ಪಾತ್ರೆ ತೊಳೀರಿ, ಬಾಗಿಲಿಗೆ ನೀರು ಹಾಕ್ರಿ" ಅಂತ ಮೆಸೇಜ್ ಮಾಡೋರು, ನಂಗೆ ಒರಟು ಅನ್ಸೋದು, ಎಷ್ಟೋ ದಿನ ಒಳಗೊಳಗೇ ಅತ್ತಿದೀನಿ. ಆಮೇಲೆ ಗೊತ್ತಾಯ್ತು ಅವ್ರು ರಿ ಹಾಕೋದು ಮರ್ಯಾದೆಗೇ ಅಂತ, ಅವ್ರ ಪ್ರಕಾರ ಅದೇ ಮೆತ್ತಗೆ. ಆದ್ರಿಂದ ಗ್ರೂಪಲ್ಲಿ ಅತ್ತಿಗೆ, ಬಾವ ಎಲ್ಲ ಇದ್ರೆ ಅವ್ರಿಗೆ ಹೆಂಗೆ ಕೇಳುತ್ತೆ ಅಂತಾನೂ ನೋಡಿ ಅಕ್ಕ.

ಜಗಳೂರು_ಕೊನೆಯೋನು

ಹೌದು ಅದು ಕೇಳ್ಬೇಕಿತ್ತು, ನಿಮ್ಮ ಗ್ರೂಪಲ್ಲಿ ಯಾರ್ಯಾರಿದಾರೆ ಅಕ್ಕ? ಹೆಂಡತಿ ಕಣ್ಣೆದುರಿಗೆ "ನೆಪ ಹೇಳ್ಬೇಡಿ" ಅಂದ್ರೆ ಯಾವ ತಮ್ಮಂಗೂ ತಡ್ಕೊಳಕ್ಕಾಗಲ್ಲ.

ದಾವಣಗೆರೆ_ಅಕ್ಕ

ತಮ್ಮನ ಹೆಂಡತಿ ಇದಾಳೆ, ತಂಗಿ ಗಂಡ ಇದಾರೆ, ನಮ್ಮ ಯಜಮಾನ್ರು, ಅಮ್ಮ ಎಲ್ರೂ ಇದಾರೆ. ಇದು ನನ್ನ ತಲೆಗೇ ಬಂದಿರ್ಲಿಲ್ಲ. ನಾವು ಮೂರೇ ಜನದ್ದು ಒಂದು ಗ್ರೂಪ್ ಇವಾಗ ಮಾಡಿದೆ, ಅಲ್ಲಿ ಹಾಕ್ತೀನಿ. ಮೂರನೇದು ನೋಡಿ:

"ತಮ್ಮಾ, ಪುಟ್ಟಿ, ಮೊನ್ನೆ ಮೆಸೇಜ್ ಸಿಟ್ಟಲ್ಲಿ ಹಾಕ್ಬಿಟ್ಟೆ, ಸಾರಿ. ನೀರು ತುಂಬೋ ಹಬ್ಬದೊಳಗೆ ದುರ್ಗದ ಮನೆ ಸಂಪು, ಟ್ಯಾಂಕು, ಅಟ್ಟ ಮೂರೂ ಆಗ್ಬೇಕು, ಅಮ್ಮಂಗೆ ಮಂಡಿ ನೋವು ಜಾಸ್ತಿ ಆಗೈತೆ. ನಾನು ಶುಕ್ರವಾರ ಸಂಜೆನೇ ಹೋಗ್ತೀನಿ, ದೇವರ ಮನೆ, ಅಡುಗೆಮನೆ ನಾನು ಮಾಡ್ತೀನಿ. ಸಂಪಿಗೆ ಮೇಲೊಬ್ರು ಕೆಳಗೊಬ್ರು ಬೇಕು, ನಾನು ಮೇಲೆ ನಿಲ್ತೀನಿ. ತಮ್ಮಾ ನಿಂಗೆ ಶನಿವಾರ ಭಾನುವಾರದಲ್ಲಿ ಯಾವಾಗ ಬರಕ್ಕಾಗುತ್ತೆ? ಅಷ್ಟು ದೂರದಿಂದ ಬರೋನು, ಟೈಮ್ ನೀನೇ ಹೇಳು. ಪುಟ್ಟಿ ಅಟ್ಟದ ಪಾತ್ರೆ ನೀನು ತಗೊಂಡ್ರೆ ಹೆಂಗೆ? ಬೇರೆ ಏನಾದ್ರೂ ಅನುಕೂಲ ಅನ್ಸಿದ್ರೆ ಅದು ಹೇಳು. ಬುಧವಾರ ರಾತ್ರಿಯೊಳಗೆ ಗೊತ್ತಾದ್ರೆ ನಾನು ಪೌಡರ್, ಬ್ರಷ್ ಎಲ್ಲ ತಂದಿಟ್ಕೊತೀನಿ."

ಹೊಳಲ್ಕೆರೆ_ಟೀಚರ್

ಕಳಿಸಿ. "ಟೈಮ್ ನೀನೇ ಹೇಳು" ಅಲ್ಲಿ ಆ ನೀನೇ ಚೆನ್ನಾಗಿ ಕೂತಿದೆ, ಅಧಿಕಾರ ಅವ್ನ ಕೈಗೆ ಕೊಡುವಾಗ ಆ ಒತ್ತು ಇರ್ಲಿ. ಬುಧವಾರದೊಳಗೆ ಯಾಕೆ ಅಂತ ಕಾರಣ ಕೊಟ್ಟಿದ್ದೂ ಒಳ್ಳೇದು. ಒಂದೇ ಮಾತು, ತಂಗಿ ಬೇರೆ ಕೆಲಸ ಕೇಳಿದ್ರೆ ನಿಜವಾಗ್ಲೂ ಬಿಟ್ಕೊಡಿ. ಹೆಂಗೆ ಅಂತ ಕೇಳಿ, ಅವ್ಳು ಬೇಡ ಅಂದಾಗ ಮುಖ ಊದಿಸಿದ್ರೆ ಮುಂದಿನ ಸಲ ನಿಮ್ಮ ಪ್ರಶ್ನೆನ ಯಾರೂ ನಂಬಲ್ಲ.

ಹರಿಹರ_ಹುಡುಗ

ಉದ್ದ ಜಾಸ್ತಿ ಆಯ್ತೇನೋ ಅಕ್ಕ, ಇಷ್ಟು ಉದ್ದ ನಮ್ಮನೇಲಿ ಯಾರೂ ಓದಲ್ಲ. ಆದ್ರೆ ದಯವಿಟ್ಟು ವಿಷಯದಲ್ಲಿ ಟೀಚರ್ ಹೇಳಿದ್ದು ಸರಿ, ನಿನ್ನೆ ನಮ್ಮ ತಂಗಿಗೆ "ದಯವಿಟ್ಟು ಗಾಡಿ ಕೀ ಕೊಡು" ಅಂತ ಹಾಕಿದೆ, "ಯಾಕೋ ಸಿಟ್ಟಾಗಿದೀಯಾ" ಅಂತ ಕೇಳಿದ್ಲು.

ದಾವಣಗೆರೆ_ಅಕ್ಕ

ಮಂಗಳವಾರ ಬೆಳಿಗ್ಗೆ ಕಳಿಸಿದೆ, ಏನಾಯ್ತು ಅಂತ ಹೇಳ್ತೀನಿ. ತಮ್ಮ ಅರ್ಧ ಗಂಟೇಲಿ ಫೋನೇ ಮಾಡ್ದ. ಶನಿವಾರ ಮಧ್ಯಾಹ್ನದವರೆಗೆ ಆಫೀಸ್ ಕೆಲಸ ಇದೆಯಂತೆ, ಮೊದಲನೇ ಮೆಸೇಜ್ ನೋಡಿದಾಗ್ಲೇ 9ಕ್ಕೆ ಆಗಲ್ಲ ಅಂತ ಗೊತ್ತಿತ್ತಂತೆ, ಹೇಳಿದ್ರೆ ನೆಪ ಅಂತೀಯ ಅಂತ ಸುಮ್ನಾದೆ ಅಂದ. ರಾತ್ರಿಗೆ ಬಂದು ಭಾನುವಾರ ಬೆಳಿಗ್ಗೆ ಸಂಪು ಟ್ಯಾಂಕು ಎರಡೂ ಮುಗಿಸ್ತೀನಿ ಅಂದಿದಾನೆ. ಶನಿವಾರ ಸಂಜೆ ಸಂಪಿನ ನೀರು ಖಾಲಿ ಮಾಡಿ ಮೋಟರ್ ಆಫ್ ಮಾಡಿಡು ಅಂತ ನಂಗೇ ಹೇಳ್ದ, ಅದು ನಂಗೆ ಆರ್ಡರ್ ಅನ್ಸಲೇ ಇಲ್ಲ, ಖುಷಿಯಾಯ್ತು.

ತಂಗಿ ಮಾತ್ರ ಅಟ್ಟ ಬೇಡ ಅಂದ್ಲು. ಧೂಳು ತಾಗಿದ್ರೆ ಎರಡು ದಿನ ಸೀನ್ತಾಳೆ, ಚಿಕ್ಕೋಳಿದ್ದಾಗಿಂದ್ಲೂ ಹಂಗೇ, ನಂಗೆ ಗೊತ್ತಿದ್ದ ವಿಷಯಾನೇ, ಮರ್ತೇಬಿಟ್ಟಿದ್ದೆ. ಅದ್ರ ಬದ್ಲು ಹಬ್ಬದ ಸಾಮಾನು ಪೂರ್ತಿ, ಅಮ್ಮನ ಸೀರೆ, ಹಣತೆ ಎಲ್ಲ ಅವ್ಳು ತರ್ತಾಳಂತೆ, ದುಡ್ಡೂ ಅವ್ಳೇ ಹಾಕ್ತಾಳಂತೆ. ಬಿಟ್ಕೊಟ್ಟೆ. ಆದ್ರೆ ಅಟ್ಟ ಯಾರೂ ತಗೊಂಡಿಲ್ಲ, ಅದು ಮತ್ತೆ ನನ್ನ ಮೇಲೇ ಬಂತು. ಆಳು ಇಟ್ಟು ಮಾಡ್ಸಾಣ ಅಂತ ತಮ್ಮ ಅಂತಾನೆ, ಅಮ್ಮ ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಹೊರಗಿನೋರ ಕೈಗೆ ಕೊಡಲ್ಲ ಅಂತಾರೆ.

ದುರ್ಗದ_ದೊಡ್ಡಣ್ಣ

ನೋಡಿ, ಕೇಳಿದ್ದಕ್ಕೆ ಅಟ್ಟ ಉಳ್ಕೊಂತು. ಮಾಡು ಅಂದಿದ್ರೆ ಆಗ್ತಿತ್ತು.

ಜಗಳೂರು_ಕೊನೆಯೋನು

ಅಣ್ಣ ಮಾಡು ಅಂದಾಗ ಮೂರೂ ಉಳ್ಕೊಂಡಿತ್ತಲ್ಲ. ಅಕ್ಕ, ಅಟ್ಟದಿಂದ ಇಳಿಸೋದು ಬೇರೆ ಕೆಲಸ, ತೊಳೆಯೋದು ಬೇರೆ ಕೆಲಸ. ಧೂಳಿರೋದು ಇಳಿಸೋವಾಗ. ಸಂಪು ಮುಗಿದ ಮೇಲೆ ತಮ್ಮ ಇಳಿಸಿ ಒಂದು ಸಲ ನೀರು ಹುಯ್ದು ಕೊಟ್ರೆ, ತಂಗಿ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ಉಜ್ಜಬಹುದು, ಕೇಳಿ ನೋಡಿ.

ದಾವಣಗೆರೆ_ಅಕ್ಕ

ಇದು ಹೊಳೆದಿರ್ಲಿಲ್ಲ. ಇವಾಗ್ಲೇ ಕೇಳ್ತೀನಿ, ತಮ್ಮಂಗೆ ಮೊದ್ಲು.

ಇನ್ನ ಟೀಚರ್ ಹೇಳಿದ ಆ ಇನ್ನೊಂದು ವಿಷಯ, ನಾಲ್ಕೈದು ವರ್ಷದ್ದು, ಅದನ್ನ ಬರೆಯಲ್ಲ. ಭಾನುವಾರ ಸಂಜೆ ಕೆಲಸ ಎಲ್ಲ ಮುಗಿದು ಮೂರು ಜನಾನೂ ಜಗಲಿ ಮೇಲೆ ಕೂತಾಗ ಬಾಯಲ್ಲೇ ಹೇಳ್ಬೇಕು ಅಂತಿದೀನಿ. ಹೆಂಗೆ ಶುರು ಮಾಡ್ಲಿ ಅಂತ ಇನ್ನೂ ಗೊತ್ತಾಗಿಲ್ಲ.